ಪ್ರಾವಿಷನ್ ಇದೆ, ಆದರೆ ಹಣ ಎಲ್ಲಿದೆ?

"ವಾರಂಟಿಗೆ ಅಂತ ಒಂದು ಲಕ್ಷ ಪ್ರಾವಿಷನ್ ತೋರಿಸಿದ್ದೀರಲ್ಲ, ಆ ದುಡ್ಡು ಯಾವ ಬ್ಯಾಂಕ್ ಖಾತೆಯಲ್ಲಿದೆ?" ಲೆಕ್ಕಪತ್ರ ಓದಲು ಕೂತ ಪಾಲುದಾರರು ಈ ಪ್ರಶ್ನೆಯನ್ನು ತುಂಬಾ ಸಲ ಕೇಳುತ್ತಾರೆ. ಯಾವ ಖಾತೆಯಲ್ಲೂ ಇಲ್ಲ ಅಂದರೆ ಅವರ ಮುಖ ಸಣ್ಣದಾಗುತ್ತದೆ, ಎಲ್ಲೋ ಏನೋ ಮುಚ್ಚಿಡ್ತಿದ್ದಾರೆ ಅನ್ನುವ ಅನುಮಾನವೂ ಬರುತ್ತದೆ. ಅವರ ತಪ್ಪಿಲ್ಲ. ದಿನನಿತ್ಯದ ವ್ಯವಹಾರದಲ್ಲಿ ಪ್ರಾವಿಷನ್ ಮಾಡಿದ್ದೇವೆ ಅಂದರೆ ಹಣ ಎತ್ತಿಟ್ಟಿದ್ದೇವೆ, ಅಥವಾ ಬಜೆಟ್‌ನಲ್ಲಿ ಜಾಗ ಬಿಟ್ಟಿದ್ದೇವೆ ಅಂತಲೇ ಅರ್ಥ.

ಅದೇ ಪದವನ್ನು ವಕೀಲರು ಹೇಳಿದರೆ ಅದರಲ್ಲಿ ಹಣದ ಸುಳಿವೇ ಇರುವುದಿಲ್ಲ. ಕಾಯ್ದೆಯಲ್ಲೋ ಕರಾರಿನಲ್ಲೋ ಬರೆದ ಒಂದು ಉಪಬಂಧ, ಅಂದರೆ ಹೀಗಾದರೆ ಹೀಗೆ ಮಾಡಬೇಕು ಅನ್ನುವ ಮಾತು, ಅವರಿಗೆ ಪ್ರಾವಿಷನ್. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ ಅಂತ ನಾವು ಹೇಳುವುದೂ ಇದನ್ನೇ. ಪದದ ಬೇರು ಲ್ಯಾಟಿನ್‌ನಲ್ಲಿದೆ, ಮುಂದಾಗುವುದನ್ನು ಮೊದಲೇ ನೋಡು ಅಂತ ಅದರ ಅರ್ಥ. ಮೊದಲೇ ನೋಡಿ ಮಾತನ್ನು ಬರೆದಿಡುವವರು ವಕೀಲರು, ಹಣವನ್ನು ತೆಗೆದಿಡುವವರು ವ್ಯಾಪಾರಿಗಳು, ಲೆಕ್ಕಿಗರು ಮಾತ್ರ ಮೊದಲೇ ನೋಡಿ ಸಾಲ ಒಪ್ಪಿಕೊಳ್ಳುತ್ತಾರೆ. ದಿನಸಿ ಅಂಗಡಿಯ ಬೋರ್ಡಿನಲ್ಲಿರುವ ಪ್ರಾವಿಷನ್ ಕೂಡ ಇದೇ ಬೇರಿನದು, ಮುಂದಕ್ಕೆ ಬೇಕಾಗುತ್ತದೆ ಅಂತ ಕೂಡಿಸಿಟ್ಟ ಸಾಮಾನು. ಅದನ್ನು ಇಲ್ಲಿಗೇ ಬಿಡೋಣ, ಅದರಿಂದ ಯಾರಿಗೂ ಗೊಂದಲ ಆಗುವುದಿಲ್ಲ.

ಲೆಕ್ಕಿಗರ ಅರ್ಥವೇ ಜಾಸ್ತಿ ತೊಡಕಿನದು. ಹಲವು ದೇಶಗಳು ಅನುಸರಿಸುವ ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಎಸ್ 37, 1998ರಲ್ಲಿ ಬಂದದ್ದು, ಪ್ರಾವಿಷನ್ ಅನ್ನು ಒಂದು ಹೊಣೆ ಅನ್ನುತ್ತದೆ. ಕೊಡಬೇಕಾದದ್ದು ಹೌದು, ಆದರೆ ಯಾವಾಗ ಅನ್ನುವುದೋ ಎಷ್ಟು ಅನ್ನುವುದೋ ಖಚಿತ ಇಲ್ಲ. ಹಾಗೆ ಬರೆಯಲು ಮೂರು ವಿಷಯ ಕೂಡಿ ಬರಬೇಕು: ಈಗಾಗಲೇ ನಡೆದುಹೋದ ಒಂದು ಘಟನೆಯಿಂದ ಇವತ್ತೇ ಹೊಣೆ ಹುಟ್ಟಿರಬೇಕು, ಹಣವೋ ಬೇರೆ ಸಂಪನ್ಮೂಲವೋ ಹೊರಗೆ ಹೋಗುವ ಸಾಧ್ಯತೆ ಹೋಗದೇ ಇರುವುದಕ್ಕಿಂತ ಹೆಚ್ಚಿರಬೇಕು, ಮೊತ್ತವನ್ನು ನಂಬುವಂತೆ ಅಂದಾಜು ಮಾಡಲು ಆಗಬೇಕು.

ಒಂದು ಉದಾಹರಣೆ ನೋಡೋಣ. ಒಂದು ಕಂಪನಿ ಈ ವರ್ಷ 1,000 ಪಂಪ್ ಮಾರಿತು ಅಂದುಕೊಳ್ಳಿ. ಒಂದು ವರ್ಷದೊಳಗೆ ಕೆಟ್ಟರೆ ಬಿಟ್ಟಿಯಾಗಿ ರಿಪೇರಿ ಮಾಡಿಕೊಡುತ್ತೇವೆ ಅಂತ ಮಾರಾಟದ ಕರಾರಿನಲ್ಲಿದೆ. ಆ ವಾಕ್ಯ ವಕೀಲರ ಪ್ರಾವಿಷನ್. ಪಂಪ್ ಮಾರಿದ ಗಳಿಗೆಯಲ್ಲಿ ಅದು ಹೊಣೆಯನ್ನು ಹುಟ್ಟಿಸುತ್ತದೆ. ಯಾವ ಪಂಪ್ ಕೆಡುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಆದರೆ ಹಿಂದಿನ ವರ್ಷಗಳನ್ನು ನೋಡಿದರೆ ಸಾವಿರಕ್ಕೆ ಸುಮಾರು ನೂರು ವಾಪಸ್ ಬರುತ್ತವೆ. 80 ಪಂಪ್‌ಗಳದ್ದು ಚಿಕ್ಕ ರಿಪೇರಿ, ತಲಾ 500. ಉಳಿದ 20ಕ್ಕೆ ಮೋಟರ್ ಬದಲಿಸಬೇಕು, ತಲಾ 3,000. ಮೊದಲನೆಯದು 40,000, ಎರಡನೆಯದು 60,000, ಒಟ್ಟು ಒಂದು ಲಕ್ಷ. ವರ್ಷದ ಕೊನೆಯ ಹೊತ್ತಿಗೆ ಇದರಲ್ಲಿ ಒಂದು ರಿಪೇರಿಯೂ ಬಂದಿಲ್ಲ ಅಂದುಕೊಂಡರೆ, ಲೆಕ್ಕಿಗರು ವಾರಂಟಿ ಖರ್ಚಿಗೆ ಒಂದು ಲಕ್ಷ ಡೆಬಿಟ್ ಮಾಡಿ, ವಾರಂಟಿ ಪ್ರಾವಿಷನ್‌ಗೆ ಕ್ರೆಡಿಟ್ ಮಾಡುತ್ತಾರೆ. ಅಷ್ಟೇ. ಲಾಭ ಒಂದು ಲಕ್ಷ ಇಳಿಯಿತು, ಹೊಣೆ ಒಂದು ಲಕ್ಷ ಏರಿತು, ಬ್ಯಾಂಕಿನಲ್ಲಿದ್ದ ಹಣ ಒಂದು ಪೈಸೆಯೂ ಕದಲಲಿಲ್ಲ. ಮಾರಾಟದ ಲಾಭ ಈ ವರ್ಷ ಬಂದ ಮೇಲೆ ಅದರ ಬೆನ್ನಿಗೆ ಅಂಟಿದ ಖರ್ಚೂ ಈ ವರ್ಷವೇ ಬರಬೇಕು ಅಲ್ವಾ?

ಮುಂದಿನ ವರ್ಷ ನಿಜವಾದ ರಿಪೇರಿಗೆ 70,000 ಹೋಯಿತು. ಆಗ ಹಣ ಹೊರಗೆ ಹೋಗುತ್ತದೆ, ಆದರೆ ಖರ್ಚು ಅಂತ ಮತ್ತೆ ಬರೆಯುವುದಿಲ್ಲ, ಪ್ರಾವಿಷನ್‌ನಿಂದಲೇ ಕಳೆಯುತ್ತಾರೆ. ವಾರಂಟಿ ಅವಧಿ ಮುಗಿದ ಮೇಲೆ ಉಳಿದ 30,000 ಅನ್ನು ಲಾಭಕ್ಕೆ ವಾಪಸ್ ಬರೆಯಬೇಕು. ಇರಲಿ ಬಿಡಿ, ಕೋರ್ಟ್ ಖರ್ಚಿಗೆ ಬಳಸೋಣ ಅನ್ನುವ ಹಾಗಿಲ್ಲ. ಯಾವುದಕ್ಕೆ ಮಾಡಿದ್ದೋ ಅದಕ್ಕೇ ಬಳಸಬೇಕು.

ಪಂಪ್ ಕಥೆಯಲ್ಲಿ ಕಾನೂನಿನ ಪ್ರಾವಿಷನ್ ಇತ್ತು, ಲೆಕ್ಕದ ಪ್ರಾವಿಷನ್ ಅದರ ಹಿಂದೆಯೇ ಬಂತು. ಯಾವಾಗಲೂ ಹೀಗೇ ಆಗುತ್ತದೆ ಅಂತ ನಂಬಿದರೆ ಪೆಟ್ಟು ತಿನ್ನುತ್ತೇವೆ. ಅದೇ ಕಂಪನಿಗೆ ಒಂದು ಬಾಯ್ಲರ್ ಇದೆ, ಮೂರು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಲೇಬೇಕು ಅಂತ ನಿಯಮವಿದೆ, ಖರ್ಚು 6 ಲಕ್ಷ ಅಂದುಕೊಳ್ಳಿ. ಕಾನೂನೇ ಹೇಳಿದೆ, ಖರ್ಚು ಬಂದೇ ಬರುತ್ತದೆ, ಹಾಗಾಗಿ ವರ್ಷಕ್ಕೆ 2 ಲಕ್ಷ ಪ್ರಾವಿಷನ್ ಮಾಡೋಣ ಅಂತ ಮ್ಯಾನೇಜರ್ ಹೇಳುತ್ತಾರೆ. ಕೇಳಲು ಎಷ್ಟು ಸರಿಯಾಗಿದೆ! ಆದರೆ ಮಾನದಂಡ ಒಪ್ಪುವುದಿಲ್ಲ. ಮೂರು ವರ್ಷ ತುಂಬುವ ಮೊದಲೇ ಕಂಪನಿ ಆ ಬಾಯ್ಲರ್ ಮಾರಿಬಿಡಬಹುದು, ಇಲ್ಲವೇ ನಿಲ್ಲಿಸಿಬಿಡಬಹುದು. ತನ್ನ ನಡೆ ಬದಲಿಸಿ ತಪ್ಪಿಸಿಕೊಳ್ಳಬಹುದಾದ ಖರ್ಚು ಇವತ್ತಿನ ಹೊಣೆ ಆಗುವುದಿಲ್ಲ. ಪಂಪ್ ವಿಷಯದಲ್ಲಿ ಆ ದಾರಿ ಇರಲಿಲ್ಲ, ಮಾರಿ ಆಗಿತ್ತು.

ಹಾಗಾದರೆ ಆ 6 ಲಕ್ಷ ಎಲ್ಲಿ ಬರುತ್ತದೆ? ದೊಡ್ಡ ರಿಪೇರಿ ನಿಜವಾಗಿ ನಡೆದಾಗ ಅದನ್ನು ಬಾಯ್ಲರ್‌ನ ಒಂದು ಭಾಗವೆಂದು ಆಸ್ತಿಗೆ ಸೇರಿಸಿ, ಮುಂದಿನ ರಿಪೇರಿವರೆಗಿನ ಮೂರು ವರ್ಷದಲ್ಲಿ ಸವಕಳಿಯಾಗಿ ಹಂಚುತ್ತಾರೆ. ಗಡುವು ದಾಟಿದ ಮೇಲೂ ರಿಪೇರಿ ಮಾಡಿಸದೆ ಬಾಯ್ಲರ್ ಓಡಿಸಿದ್ದರೆ, ಆಗಲೂ ರಿಪೇರಿಗೆ ಪ್ರಾವಿಷನ್ ಇಲ್ಲ. ಆದರೆ ದಂಡ ಬೀಳುವ ಸಾಧ್ಯತೆ ಹೆಚ್ಚಿದ್ದರೆ ಆ ದಂಡಕ್ಕೆ ಪ್ರಾವಿಷನ್ ಬೇಕು, ಯಾಕೆಂದರೆ ಓಡಿಸಿದ್ದು ಆಗಿಹೋದ ಸಂಗತಿ. ಇನ್ನು ಮ್ಯಾನೇಜರ್ ಬಜೆಟ್‌ನಲ್ಲಿ ವರ್ಷಕ್ಕೆ 2 ಲಕ್ಷ ತೆಗೆದಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ, ತೆಗೆದಿಟ್ಟರೆ ಜಾಣತನವೇ. ಅದು ಖರ್ಚಿನ ಲೆಕ್ಕಕ್ಕೆ ಮಾತ್ರ ಬರಬಾರದು.

ಬಾರದ ಸಾಲದ ಪ್ರಾವಿಷನ್ ಅಂತ ಇನ್ನೊಂದಿದೆ. ಗಿರಾಕಿಗಳಿಂದ ಬರಬೇಕಾದ 10 ಲಕ್ಷದಲ್ಲಿ 50,000 ಬರಲಿಕ್ಕಿಲ್ಲ ಅನ್ನಿಸಿದರೆ ಅಷ್ಟನ್ನು ಇಳಿಸಿ ತೋರಿಸುವುದು. ಇಲ್ಲಿ ನಾವು ಯಾರಿಗೂ ಕೊಡಬೇಕಿಲ್ಲ, ನಮಗೆ ಬರುವುದು ಕಮ್ಮಿ ಆಗುತ್ತದೆ. ಹಳೇ ಅಭ್ಯಾಸದಿಂದ ಪ್ರಾವಿಷನ್ ಅನ್ನುತ್ತೇವೆ, ಐಎಎಸ್ 37ರ ಅರ್ಥದಲ್ಲಿ ಇದು ಪ್ರಾವಿಷನ್ ಅಲ್ಲವೇ ಅಲ್ಲ. ಅಮೆರಿಕದ ಲೆಕ್ಕಪತ್ರಗಳಲ್ಲಂತೂ ಆದಾಯ ತೆರಿಗೆಯ ಪ್ರಾವಿಷನ್ ಅಂದರೆ ಆ ವರ್ಷದ ತೆರಿಗೆ ಖರ್ಚು.

ಇಷ್ಟೊಂದು ಬಿಗಿ ಯಾಕೆ ಅಂತ ಅನ್ನಿಸಬಹುದು. ಅಂದಾಜು ಇದ್ದ ಕಡೆ ಆಟ ಆಡಲು ಜಾಗ ಇರುತ್ತದೆ. ಲಾಭ ಚೆನ್ನಾಗಿ ಬಂದ ವರ್ಷ ಸುಮ್ನೆ ದೊಡ್ಡ ಪ್ರಾವಿಷನ್ ಬರೆದು ಲಾಭ ಅಡಗಿಸುವುದು, ವ್ಯಾಪಾರ ಬಿದ್ದ ವರ್ಷ ಅದನ್ನೇ ವಾಪಸ್ ಬರೆದು ಲಾಭ ತೋರಿಸುವುದು. ಇದನ್ನು ಹಿಡಿಯಲು ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಪ್ರಾವಿಷನ್‌ನ ಕೋಷ್ಟಕ ಹುಡುಕಿ. ಆರಂಭದ ಮೊತ್ತ, ಈ ವರ್ಷ ಸೇರಿಸಿದ್ದು, ಬಳಸಿದ್ದು, ಬಳಸದೆ ವಾಪಸ್ ಬರೆದದ್ದು ಎಲ್ಲ ಅಲ್ಲಿ ಬೇರೆ ಬೇರೆ ಕಾಣುತ್ತದೆ. ಬಳಸಿದ್ದು ವರ್ಷ ವರ್ಷವೂ ಚೂರೇ ಚೂರು, ವಾಪಸ್ ಬರೆದದ್ದು ದಂಡಿಯಾಗಿ, ಅದೂ ವ್ಯಾಪಾರ ಬಿದ್ದ ವರ್ಷದಲ್ಲೇ ಇದ್ದರೆ, ಮೊದಲು ಮಾಡಿದ ಅಂದಾಜಿಗೆ ಆಧಾರ ಏನಿತ್ತು ಅಂತ ಕೇಳಿ.

ಸಭೆಯ ನಡಾವಳಿ ಬರೆಯುವವರಿಗೂ ಒಂದು ಮಾತು. "ಬಾಯ್ಲರ್ ರಿಪೇರಿಗೆ ಪ್ರಾವಿಷನ್ ಮಾಡಲು ತೀರ್ಮಾನಿಸಲಾಯಿತು" ಅಂತ ಬರೆದರೆ ಹೊಸ ಅಕೌಂಟೆಂಟ್ ಅದನ್ನು ನೋಡಿ ನೇರವಾಗಿ ಖರ್ಚಿಗೆ ಹಾಕಿಬಿಡುತ್ತಾರೆ. "ಬಜೆಟ್‌ನಲ್ಲಿ 2 ಲಕ್ಷ ಮೀಸಲಿಡಲು ತೀರ್ಮಾನಿಸಲಾಯಿತು" ಅಂತ ಬರೆಯಿರಿ.