ಹರಿದ ರಸೀದಿ ಯಾವ ದೇಶದ್ದು?

ಮೈಸೂರಿನ ಹೋಟೆಲ್ ಬಿಲ್ಲಿನ ಕೆಳತುದಿ ನಮಗೆಲ್ಲ ಪರಿಚಿತ. ಮೊದಲು ತಿಂಡಿಯ ಮೊತ್ತ, ಅದರ ಕೆಳಗೆ ಶೇ 2.5ರ ಸಿಜಿಎಸ್‌ಟಿ, ಮತ್ತೆ ಅಷ್ಟೇ ಎಸ್‌ಜಿಎಸ್‌ಟಿ, ಕೊನೆಗೆ ಎಲ್ಲ ಕೂಡಿಸಿದ ಹಣ. ಯುರೋಪಿನ ರಸೀದಿಯಲ್ಲಿ ಈ ಕೂಡಿಕೆ ಕಾಣುವುದಿಲ್ಲ, ಏಕೆಂದರೆ ಅಲ್ಲಿ ನಮೂದಿಸುವ ಬೆಲೆಯೊಳಗೇ ತೆರಿಗೆ ಸೇರಿರುತ್ತದೆ. ಒಟ್ಟು ಮೊತ್ತದ ಕೆಳಗಿನ ಪುಟ್ಟ ಪಟ್ಟಿಯು ಅದರಲ್ಲಿ ತೆರಿಗೆಯ ಪಾಲೆಷ್ಟು ಎಂಬುದನ್ನಷ್ಟೇ ತಿಳಿಸುತ್ತದೆ.

ವಿದೇಶಕ್ಕೆ ಹೋಗಿಬಂದ ನೌಕರರು ಖರ್ಚಿನ ರಸೀದಿಗಳ ಫೋಟೊ ಕಳಿಸಿದಾಗ, ಅವನ್ನು ದೇಶವಾರು ವಿಂಗಡಿಸಬೇಕಾದ ಇಲ್ಲಿನ ಆಡಿಟರ್ ಕಚೇರಿಯವರಿಗೆ ಈ ಪಟ್ಟಿಯೇ ಆಧಾರ. ಪರದೆಯ ಮೇಲೆ ಒಂದು ರಸೀದಿ ಇದೆ ಎನ್ನೋಣ. ಅಂಗಡಿಯ ಹೆಸರು, ವಿಳಾಸವಿದ್ದ ಮೇಲ್ಭಾಗ ಹರಿದಿದೆ, ಶೇಕಡಾ ಅಂಕಿಗಳು ಮಾಸಿವೆ, ಉಳಿದಿರುವುದು ಜರ್ಮನ್ ಪದಗಳು ಮತ್ತು ಯೂರೊ ಮಾತ್ರ. ಸ್ವಿಟ್ಜರ್ಲೆಂಡಿನ ಹಣ ಫ್ರಾಂಕ್ ಆದ್ದರಿಂದ ಅದನ್ನು ಸದ್ಯಕ್ಕೆ ಬದಿಗಿಡಬಹುದು. ಆದರೆ ಜರ್ಮನಿ ಮತ್ತು ಆಸ್ಟ್ರಿಯಗಳ ಭಾಷೆಯೂ ಹಣವೂ ಒಂದೇ, ತೆರಿಗೆಗೆ ಎರಡೂ ಕಡೆ `MwSt` ಎಂದೇ ಅಚ್ಚಾಗಿರುವುದುಂಟು.

ಇಲ್ಲಿ ಲೆಕ್ಕ ನೆರವಿಗೆ ಬರುತ್ತದೆ. ಊಟದ ಸಾಲಿನಲ್ಲಿ 16.50 ಯೂರೊ, ಅದರಲ್ಲಿ ತೆರಿಗೆ 1.50, ಪಾನೀಯದ ಸಾಲಿನಲ್ಲಿ 6 ಯೂರೊ, ತೆರಿಗೆ 1. ಒಂದನ್ನು ಆರರಿಂದ ಭಾಗಿಸಿದರೆ ಶೇ 16.67 ಬರುತ್ತದೆ, ಅಂಥ ದರ ಎಲ್ಲೂ ಇಲ್ಲ. ತೆರಿಗೆಯನ್ನು ಕಳೆದು ಉಳಿದ 5 ಯೂರೊಗಳಿಂದ ಭಾಗಿಸಬೇಕು, ಆಗ ಶೇ 20 ಸಿಗುತ್ತದೆ. ಊಟದ ಸಾಲು ಇದೇ ರೀತಿಯಲ್ಲಿ ಶೇ 10 ಎನ್ನುತ್ತದೆ. ಜರ್ಮನಿಯ ದರಗಳು ಶೇ 19 ಮತ್ತು 7, ಆಸ್ಟ್ರಿಯದಲ್ಲಿ ಶೇ 20 ಮತ್ತು 10 (ನಡುವೆ 13 ಕೂಡ ಇದೆ). ಹಾಗಾಗಿ ಇದು ಆಸ್ಟ್ರಿಯದ್ದು. ಆದರೆ ದರವನ್ನಷ್ಟೇ ನಂಬುವಂತಿಲ್ಲ: ಫ್ರಾನ್ಸಿನ ಹೋಟೆಲಿನಲ್ಲೂ ಊಟಕ್ಕೆ ಶೇ 10, ಮದ್ಯಕ್ಕೆ ಶೇ 20. ಅಲ್ಲಿನ ರಸೀದಿಯಲ್ಲಿ `TVA` ಎಂದಿರುತ್ತದೆ, ಅಷ್ಟರಿಂದಲೇ ಅದು ಬೇರೆಯಾಗುತ್ತದೆ.

ತಾರೀಖನ್ನೂ ಜೊತೆಗೇ ನೋಡಬೇಕು. ಕೋವಿಡ್ ಕಾಲದಲ್ಲಿ, 2020ರ ಜುಲೈನಿಂದ ಡಿಸೆಂಬರ್‌ವರೆಗೆ, ಜರ್ಮನಿ ತನ್ನ ದರಗಳನ್ನು ಶೇ 16 ಮತ್ತು 5ಕ್ಕೆ ಇಳಿಸಿತ್ತು. ಸ್ವಿಟ್ಜರ್ಲೆಂಡಿನ ಮುಖ್ಯ ದರ 2023ರ ಕೊನೆಯವರೆಗೆ ಶೇ 7.7 ಇದ್ದದ್ದು 2024ರಿಂದ 8.1 ಆಯಿತು, ಇಂಥ ದಶಾಂಶ ದರ ಕಂಡರೆ ದೇಶದ ಜೊತೆಗೆ ಕಾಲದ ಅಂದಾಜೂ ಸಿಕ್ಕಂತೆ.

ಸಣ್ಣ ಮೊತ್ತದಲ್ಲಿ ಮಾತ್ರ ಈ ಉಪಾಯ ಕೈಕೊಡುತ್ತದೆ. 50 ಸೆಂಟಿನ ವಸ್ತುವಿನೊಳಗೆ ಶೇ 19ರಂತೆ 7.98 ಸೆಂಟ್, ಶೇ 20ರಂತೆ 8.33 ಸೆಂಟ್ ತೆರಿಗೆ ಇರುತ್ತದೆ; ಪೂರ್ಣಾಂಕಕ್ಕೆ ತಂದಾಗ ಎರಡೂ 8 ಸೆಂಟ್. ಆಗ ತೆರಿಗೆ ನೋಂದಣಿ ಸಂಖ್ಯೆಯನ್ನು ಹುಡುಕಬೇಕು. ನಮ್ಮ ಜಿಎಸ್‌ಟಿ ಸಂಖ್ಯೆಯ ಆರಂಭದ 29 ಕರ್ನಾಟಕವನ್ನು ತೋರಿಸುವಂತೆ, `ATU` ಮತ್ತು ಎಂಟು ಅಂಕಿಗಳಿದ್ದರೆ ಆಸ್ಟ್ರಿಯ, `DE` ಮತ್ತು ಒಂಬತ್ತು ಅಂಕಿಗಳಿದ್ದರೆ ಜರ್ಮನಿ. ಅದೂ ಹರಿದು ಹೋಗಿದ್ದರೆ, ರಸೀದಿ ಕಳಿಸಿದವರ ಕಾರ್ಡ್ ಸ್ಟೇಟ್‌ಮೆಂಟ್ ಕೇಳಿ ಪಡೆಯುವುದೇ ಸರಿ.