ಉದ್ರಿ ಪುಸ್ತಕದಿಂದ ಬ್ಯಾಲೆನ್ಸ್ ಶೀಟ್‌ವರೆಗೆ: ಏಕ ನಮೂದು ಲೆಕ್ಕ

ತೀರ್ಥಹಳ್ಳಿ ಕಡೆ ಚಿಕ್ಕಪ್ಪನದೊಂದು ದಿನಸಿ ಅಂಗಡಿ ಇದೆ. ಅಲ್ಲಿರೋದು ಒಂದು ಉದ್ರಿ ಪುಸ್ತಕ, ಸಗಟು ಅಂಗಡಿಯವರ ಬಿಲ್ಲುಗಳ ಕಟ್ಟು, ಬ್ಯಾಂಕ್ ಪಾಸ್‌ಬುಕ್, ಅಷ್ಟೇ. ನಗದು ಮಾರಾಟ ಎಲ್ಲೂ ಬರೆದಿಲ್ಲ. ಹೀಗೆ ಪೂರ್ತಿ ಖಾತೆಗಳಿಲ್ಲದೆ ಅರೆಬರೆ ಬರೆದಿಟ್ಟ ಲೆಕ್ಕಕ್ಕೇ ಏಕ ನಮೂದು ಅನ್ನೋದು. ಇದರಿಂದ 2024-25ರ ಅಂತಿಮ ಲೆಕ್ಕ ಮಾಡೋದು ಹೇಗೆ ಅಂತ ನೋಡೋಣ. ಅಂಕಿಗಳನ್ನು ಅಭ್ಯಾಸಕ್ಕೆ ಸುಲಭ ಆಗಲಿ ಅಂತ ಬದಲಿಸಿದ್ದೇನೆ.

ಮೊದಲ ಕೆಲಸ 1 ಏಪ್ರಿಲ್ 2024ರ ಸ್ಥಿತಿ ಪಟ್ಟಿ, ಅಂದ್ರೆ ಸ್ಟೇಟ್‌ಮೆಂಟ್ ಆಫ್ ಅಫೇರ್ಸ್. ನಗದು ಮತ್ತು ಬ್ಯಾಂಕ್ ಸೇರಿ 50,000, ಸರಕು 1,80,000, ಉದ್ರಿ ಬರಬೇಕಾದ್ದು 95,000, ರ್‍ಯಾಕು, ತಕ್ಕಡಿ, ಫ್ರಿಜ್ 60,000. ಒಟ್ಟು 3,85,000. ಸಗಟು ಅಂಗಡಿಯವರಿಗೆ ಕೊಡಬೇಕಾದ್ದು 1,10,000, ಬಾಡಿಗೆ ಬಾಕಿ 2,000. ಕಳೆದರೆ ಉಳಿಯೋದು 2,73,000. ಇದೇ ಆರಂಭದ ಬಂಡವಾಳ. ಇದು ನೋಡೋಕೆ ಬ್ಯಾಲೆನ್ಸ್ ಶೀಟ್ ತರಹವೇ ಇದ್ದರೂ ಖಾತೆಗಳಿಂದ ಬಂದದ್ದಲ್ಲ, ಎಣಿಸಿ, ಕೇಳಿ, ಅಂದಾಜು ಮಾಡಿ ಬರೆದದ್ದು.

ಇಲ್ಲಿ ಕೈಕೊಡೋದು ಉದ್ರಿಯ ಅಂಕಿ. ನಮ್ಮ ಕಡೆ ಮಳೆಗಾಲದಲ್ಲಿ ತಗೊಂಡ ಸಾಮಾನಿನ ದುಡ್ಡು ಅಡಿಕೆ ಮಾರಿದ ಮೇಲೆ ಬರುತ್ತೆ. ದುಡ್ಡು ಬಂದ ತಕ್ಷಣ ಚಿಕ್ಕಪ್ಪ ಆ ಸಾಲಿನ ಮೇಲೆ ಗೀಟು ಎಳೆದುಬಿಡುತ್ತಾರೆ, ತಾರೀಖು ಹಾಕೋದಿಲ್ಲ. ಹಾಗಾಗಿ ಗೀಟು ಇಲ್ಲದ ಸಾಲುಗಳನ್ನಷ್ಟೇ ಕೂಡಿದರೆ ಸಿಗೋದು ಇವತ್ತಿನ ಬಾಕಿ, ಏಪ್ರಿಲ್ 1ರದ್ದಲ್ಲ. ಆ ದಿನಕ್ಕಿಂತ ಮುಂಚೆ ಬರೆದು ಆಮೇಲೆ ಗೀಟು ಬಿದ್ದ ಸಾಲುಗಳನ್ನು ಅವರನ್ನೇ ಕೂರಿಸಿಕೊಂಡು ಕೇಳಿ ಸೇರಿಸಬೇಕು.

ಆಮೇಲೆ ಋಣಿಗಳ, ಅಂದ್ರೆ ಉದ್ರಿ ತಗೊಂಡ ಗಿರಾಕಿಗಳ, ಒಟ್ಟು ಖಾತೆ. ವರ್ಷದಲ್ಲಿ ವಸೂಲಾದದ್ದು 4,20,000, ಇನ್ನು ಬಾರದು ಅಂತ ಬಿಟ್ಟದ್ದು 5,000, ಕೊನೆಯ ಬಾಕಿ 80,000. ಇವನ್ನು ಕೂಡಿ ಆರಂಭದ 95,000 ಕಳೆದರೆ ಉದ್ರಿ ಮಾರಾಟ 4,10,000. ಧನಿಗಳ, ಅಂದ್ರೆ ನಮಗೆ ಉದ್ರಿ ಕೊಟ್ಟ ಸಗಟು ಅಂಗಡಿಯವರ, ಖಾತೆಯೂ ಹೀಗೇ: ಕೊಟ್ಟದ್ದು 8,50,000, ಕೊನೆಯ ಬಾಕಿ 1,25,000, ಆರಂಭದ 1,10,000 ಕಳೆದರೆ ಉದ್ರಿ ಖರೀದಿ 8,65,000. ನಗದಿಗೆ ಕೊಂಡ ಬಾಳೆಕಾಯಿ, ತೆಂಗಿನಕಾಯಿ 35,000 ಸೇರಿ ಖರೀದಿ 9,00,000.

ನಗದು ಮಾರಾಟ ಸಿಗೋದು ನಾವೇ ತಯಾರಿಸೋ ನಗದು ಪುಸ್ತಕದಲ್ಲಿ. ಕೈ ನಗದು, ಬ್ಯಾಂಕ್ ಎರಡನ್ನೂ ಒಂದೇ ಕಡೆ ಇಡಿ, ಆಗ ಬ್ಯಾಂಕಿಗೆ ಕಟ್ಟಿದ್ದು, ತೆಗೆದದ್ದು ತಲೆ ತಿನ್ನೋದಿಲ್ಲ. ಹೋದದ್ದು: ಧನಿಗಳಿಗೆ 8,50,000, ನಗದು ಖರೀದಿ 35,000, ಹಳೇ ಬಾಕಿ ಸೇರಿ ಬಾಡಿಗೆ 26,000, ಕರೆಂಟು ಮತ್ತು ಇತರೆ 14,000, ಮನೆ ಖರ್ಚಿಗೆ 96,000. ಕೊನೆಯ ಶಿಲ್ಕು 60,000 ಸೇರಿಸಿದರೆ 10,81,000. ಬಂದದ್ದರಲ್ಲಿ ನಮಗೆ ಗೊತ್ತಿರೋದು ಆರಂಭದ 50,000 ಮತ್ತು ವಸೂಲಿ 4,20,000 ಮಾತ್ರ. ಉಳಿದ 6,11,000 ನಗದು ಮಾರಾಟ ಆಗಲೇಬೇಕು. ಒಟ್ಟು ಮಾರಾಟ 10,21,000.

ಮನೆಗೆ ಒಯ್ದ ಅಕ್ಕಿ, ಬೇಳೆ ಕೊಂಡ ಬೆಲೆಯಲ್ಲಿ 18,000. ಅದನ್ನು ಖರೀದಿಯಿಂದ ಕಳೆದು ಡ್ರಾಯಿಂಗ್ಸ್‌ಗೆ, ಅಂದ್ರೆ ಮಾಲೀಕರು ಸ್ವಂತಕ್ಕೆ ತೆಗೆದದ್ದಕ್ಕೆ, ಮನೆ ಖರ್ಚಿನ 96,000ದ ಜೊತೆ ಹಾಕಬೇಕು. ಕೊನೆಯ ಸರಕು 2,10,000 ಇರೋದರಿಂದ ಮಾರಿದ ಸರಕಿನ ಅಸಲು 8,52,000, ಒಟ್ಟು ಲಾಭ 1,69,000. ಅದರಲ್ಲಿ ಈ ವರ್ಷದ ಬಾಡಿಗೆ 24,000, ಇತರೆ 14,000, ಬಾರದ ಸಾಲ 5,000, ರ್‍ಯಾಕು, ತಕ್ಕಡಿ, ಫ್ರಿಜ್‌ನ ಸವಕಳಿ 6,000 ಕಳೆದರೆ ನಿವ್ವಳ ಲಾಭ 1,20,000. ಬಂಡವಾಳಕ್ಕೆ ಇದನ್ನು ಕೂಡಿ ಡ್ರಾಯಿಂಗ್ಸ್ 1,14,000 ಕಳೆದರೆ 2,79,000. ಆಸ್ತಿ 4,04,000, ಧನಿಗಳು 1,25,000. ತಾಳೆ ಆಯ್ತು.

ಆದರೆ ಇಲ್ಲಿಗೇ ಪೆನ್ನು ಮುಚ್ಚಬೇಡಿ. ನಾನು ಮೊದಲ ಸಲ ಮಾಡಿದಾಗ ಮನೆ ಖರ್ಚಿನ 96,000 ಬಿಟ್ಟುಹೋಗಿತ್ತು. ಆಗಲೂ ಬ್ಯಾಲೆನ್ಸ್ ಶೀಟ್ ತಾಳೆ ಆಗಿತ್ತು! ಯಾಕೆ ಗೊತ್ತಾ? ನಗದು ಮಾರಾಟ ನಾವೇ ಹೊಂದಿಸಿದ ಅಂಕಿ ಅಲ್ವಾ. ಖರ್ಚು ಕಮ್ಮಿ ಬರೆದರೆ ಅದೂ ಅಷ್ಟೇ ಕಮ್ಮಿ ಬರುತ್ತೆ, 5,15,000 ಆಗಿಬಿಡುತ್ತೆ. ಲಾಭ 24,000ಕ್ಕೆ ಇಳಿಯುತ್ತೆ, ಡ್ರಾಯಿಂಗ್ಸ್ ಕೂಡ 96,000 ಕಮ್ಮಿ ಇರೋದರಿಂದ ಕೊನೆಯ ಬಂಡವಾಳ ಮತ್ತೆ ಅದೇ 2,79,000.

ತಪ್ಪು ಸಿಕ್ಕಿದ್ದು ಮಾರಾಟದ ಮೇಲೆ ಒಟ್ಟು ಲಾಭ ಶೇಕಡಾ ಎಷ್ಟು ಅಂತ ನೋಡಿದಾಗ. 9,25,000ದ ಮಾರಾಟಕ್ಕೆ 73,000, ಅಂದ್ರೆ ಶೇಕಡಾ 8ರ ಹತ್ತಿರ. ಚಿಕ್ಕಪ್ಪ ನೋಡಿ, "ನೂರು ರೂಪಾಯಿ ವ್ಯಾಪಾರಕ್ಕೆ ಹದಿನೈದು ಹದಿನಾರಾದ್ರೂ ಉಳಿಯುತ್ತಪ್ಪ, ಇದು ಸರಿಯಿಲ್ಲ" ಅಂದರು. ಒಳಗಿಂದ ಚಿಕ್ಕಮ್ಮ, "ತಿಂಗಳಿಗೆ ಎಂಟು ಸಾವಿರ ಗಲ್ಲಾದಿಂದ ನಾನು ತಗೊಳ್ಳೋದು ಬರ್ದಿದೀಯೇನೋ?" ಅಂತ ಕೇಳಿದರು. ಅದನ್ನು ಸೇರಿಸಿದ ಮೇಲೆ ಶೇಕಡಾ 16.5ಕ್ಕೆ ಬಂತು.