ಹೆಸರು ಹಾಕಿರಲಿಲ್ಲ, ಮುಖ ಮುಚ್ಚಿದ್ದೆ. ಆದರೂ ತಾಯಿಗೆ ಗೊತ್ತಾಯಿತು, ಹೇಗೆ?

ಪ್ರಶ್ನೆ: ನಾನು ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಣಿತದ ಚಟುವಟಿಕೆಯೊಂದನ್ನು ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ಹೆಸರು ಬರೆದಿರಲಿಲ್ಲ, ಮಗುವಿನ ಮುಖಕ್ಕೆ ಹೂವಿನ ಎಮೋಜಿ ಅಂಟಿಸಿದ್ದೆ. ಮಾರನೇ ದಿನ ಆ ಮಗುವಿನ ತಾಯಿ ಬಂದು, "ನನ್ನ ಮಗಳಿಗೆ ಲೆಕ್ಕ ಬರಲ್ಲ ಅಂತ ಊರಿಗೆಲ್ಲ ಯಾಕೆ ಹೇಳಿದ್ರಿ ಟೀಚರ್?" ಎಂದರು. ನಾನು ಹೊಗಳಿಯೇ ಬರೆದಿದ್ದೆ. ಇನ್ನು ಮುಂದೆ ಬರೆಯುವುದನ್ನೇ ಬಿಡಬೇಕಾ?

ಉತ್ತರ: ಬಿಡಬೇಡಿ. ಆದರೆ ಆ ಪೋಸ್ಟನ್ನು ಒಮ್ಮೆ ಒಟ್ಟಿಗೆ ಓದೋಣ. ನೀವು ಕಳಿಸಿದ್ದು ಹೀಗಿತ್ತು:

"ಇವತ್ತು ನಮ್ಮ ನಾಲ್ಕನೇ ತರಗತಿಯಲ್ಲಿ ಒಂದು ಪವಾಡ! ತೋಟದ ಕೆಲಸಕ್ಕೆ ಬಂದ ಕುಟುಂಬದ ಹುಡುಗಿ. ಎರಡು ತಿಂಗಳು ಶಾಲೆಗೇ ಬಂದಿರಲಿಲ್ಲ. ಕಳೆಯುವ ಲೆಕ್ಕ ಅಂದರೆ ಅಳುತ್ತಿದ್ದಳು. ಕಡ್ಡಿ ಕಟ್ಟು ಕೊಟ್ಟೆ, ಹತ್ತೇ ನಿಮಿಷದಲ್ಲಿ ಕಲಿತಳು! ಅವಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ."

ನಿಮ್ಮ ನಾಲ್ಕನೇ ತರಗತಿಯಲ್ಲಿ ಹನ್ನೊಂದು ಮಕ್ಕಳು ಅಂತ ಬರೆದಿದ್ದೀರಿ. ಅದರಲ್ಲಿ ಹುಡುಗಿಯರು ಎಷ್ಟು? ಐದೋ ಆರೋ ಇರಬಹುದು. ತೋಟದ ಕೆಲಸಕ್ಕೆ ಬಂದವರ ಮನೆಯವಳು ಎಂದಾಗ ಇಬ್ಬರು ಉಳಿದರು ಅಂದುಕೊಳ್ಳಿ. ಎರಡು ತಿಂಗಳು ಶಾಲೆಗೆ ಬಾರದವಳು ಎಂದಾಗ ಒಬ್ಬಳೇ. ಶಾಲೆ ಯಾವುದು ಎಂದು ನಿಮ್ಮ ಪ್ರೊಫೈಲೇ ಹೇಳುತ್ತದೆ. ಪ್ರತಿ ವಿವರವೂ ಬೇರೆ ಬೇರೆಯಾಗಿ ಸಾಧುವೇ, ಸೇರಿದಾಗ ಹೆಸರಿನಷ್ಟೇ ಗಟ್ಟಿ. ಕಾನೂನಿಗೂ ಇದು ಗೊತ್ತು. 2015ರ ಬಾಲನ್ಯಾಯ ಕಾಯ್ದೆ, ಅಪರಾಧಕ್ಕೆ ಬಲಿಯಾದ ಮಕ್ಕಳಂಥವರ ಗುರುತನ್ನು ಮಾಧ್ಯಮದಲ್ಲಿ ಹೇಳಬಾರದು ಎನ್ನುವಾಗ ಹೆಸರು, ವಿಳಾಸದ ಜೊತೆಗೆ ಶಾಲೆಯನ್ನೂ ಸೇರಿಸುತ್ತದೆ. ನಿಮ್ಮದು ಅಂಥ ಪ್ರಕರಣವಲ್ಲ, ಹೆದರಬೇಡಿ. ಶಾಲೆ ಗೊತ್ತಾದರೆ ಮಗುವೂ ಗೊತ್ತಾಗಬಹುದು ಎಂಬ ಲೆಕ್ಕ ಮಾತ್ರ ಅದೇ.

ಈಗ ಇನ್ನೊಂದು ಕಡೆಯಿಂದ ಓದಿ. ಬೇರೆ ಜಿಲ್ಲೆಯ ಶಿಕ್ಷಕರೊಬ್ಬರು ಇದನ್ನು ನೋಡಿದರು ಅಂದುಕೊಳ್ಳಿ. ಅವರಿಗೆ ಏನು ಸಿಕ್ಕಿತು? ಲೆಕ್ಕ ಯಾವುದು, ತಪ್ಪು ಎಲ್ಲಿ ಆಗುತ್ತಿತ್ತು, ಕಡ್ಡಿ ಕೊಟ್ಟ ಮೇಲೆ ನೀವು ಏನು ಕೇಳಿದಿರಿ, ಒಂದೂ ಇಲ್ಲ. ನಿಮ್ಮ ಪೋಸ್ಟಿನ ತೊಂದರೆ ಇಲ್ಲಿದೆ ಅಂತ ನನಗೆ ಅನಿಸುತ್ತದೆ. ಮಗುವನ್ನು ಗುರುತಿಸುವ ವಿವರ ಜಾಸ್ತಿ, ಕಲಿಕೆಯನ್ನು ಗುರುತಿಸುವ ವಿವರ ಸೊನ್ನೆ. ಹಾಗಾಗಿ ಹೆಸರು ಬದಲಿಸಿ 'ಗೌರಿ' ಅಂತಲೋ 'ಒಂದು ಮಗು' ಅಂತಲೋ ಮಾಡಿದರೆ ಸಾಲದು. ಕಥೆ ಅವಳದ್ದೇ ಆಗಿರುತ್ತದೆ. ಕಥೆಯನ್ನು ಅವಳಿಂದ ಎತ್ತಿ ತಪ್ಪಿನ ಮೇಲೆ ಇಡಬೇಕು.

ನಿಮ್ಮ ಪತ್ರದಲ್ಲಿ ಆ ದಿನದ ವಿವರ ಚೆನ್ನಾಗಿದೆ, ಪೋಸ್ಟಿಗಿಂತ ಎಷ್ಟೋ ವಾಸಿ. ಅದನ್ನೇ ಇಟ್ಟುಕೊಂಡು ನಾನು ಹೀಗೆ ಬರೆದೆ:

"52ರಲ್ಲಿ 27 ಕಳೆಯಿರಿ ಅಂದರೆ ಕೆಲವು ಮಕ್ಕಳು 35 ಎಂದು ಬರೆಯುತ್ತಾರೆ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ. ಹಾಗಾಗಿ ತಿರುಗಿಸಿ, 7ರಿಂದ 2 ಕಳೆದು 5 ಬರೆದುಬಿಡುತ್ತಾರೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿದ್ದೇವಲ್ಲ! 58ರಲ್ಲಿ 23 ಕಳೆಯುವಾಗ ಈ ತಪ್ಪು ಕಾಣುವುದೇ ಇಲ್ಲ, ಉತ್ತರ ಸರಿಯಾಗೇ ಬರುತ್ತದೆ.

ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು, 'ನನಗೆ 27 ಕಡ್ಡಿ ಕೊಡಿ' ಅಂದೆ. ಎರಡು ಕಟ್ಟು ತಕ್ಷಣ ಬಂದವು. ಏಳು ಬಿಡಿ ಕೊಡುವಾಗ ಕೈ ನಿಂತಿತು, ಇರುವುದೇ ಎರಡು. ನಾನು ಸುಮ್ಮನಿದ್ದೆ. 'ರಬ್ಬರ್ ಬ್ಯಾಂಡ್ ತೆಗೀಬಹುದಾ ಟೀಚರ್?' ಎಂಬ ಪ್ರಶ್ನೆ ಬಂತು. ಒಂದು ಕಟ್ಟು ಬಿಚ್ಚಿದಾಗ ಬಿಡಿ ಹನ್ನೆರಡಾಯಿತು. ಏಳು ಕೊಟ್ಟರು, ಐದು ಉಳಿಯಿತು. ಪಕ್ಕದಲ್ಲಿ ಎರಡು ಕಟ್ಟು. 25.

ಆಮೇಲೆ ಕಡ್ಡಿ ಇಲ್ಲದೆ 61ರಲ್ಲಿ 34 ಕಳೆಯಲು ಕೊಟ್ಟೆ. 27 ಬರೆದವರೂ ಇದ್ದರು, ಮತ್ತೆ 33 ಬರೆದವರೂ ಇದ್ದರು. 33 ಬಂದರೆ ಹಳೇ ತಪ್ಪೇ ಮರಳಿದೆ ಅಂತ ಅರ್ಥ. ಅಲ್ಲಿ ಇನ್ನೂ ಕಡ್ಡಿ ಬೇಕು."

ಇದರಲ್ಲಿ ಅಳು ಇಲ್ಲ, ತೋಟ ಇಲ್ಲ, ಎರಡು ತಿಂಗಳು ಇಲ್ಲ. 'ಇವತ್ತು' ಕೂಡ ಇಲ್ಲ. ಇವತ್ತು ಅಂದರೆ ಇವತ್ತು ಶಾಲೆಯಲ್ಲಿ ಏನಾಯಿತು ಅಂತ ಮನೆಯಲ್ಲಿ ಮಕ್ಕಳನ್ನು ಕೇಳಿದರೆ ಗೊತ್ತಾಗಿಬಿಡುತ್ತದೆ. ಒಂದೆರಡು ವಾರ ಬಿಟ್ಟು ಹಾಕಿ. ರಬ್ಬರ್ ಬ್ಯಾಂಡಿನ ಮಾತನ್ನು ಉಳಿಸಿದ್ದೇನೆ, ಯಾಕೆಂದರೆ ಕಲಿಕೆ ನಡೆದದ್ದು ಆ ಮಾತಿನಲ್ಲಿ. ಯಾರು ಕೇಳಿದ್ದು ಎಂಬುದು ಬೇಕಿಲ್ಲ. ಆ ಮಾತು ಒಬ್ಬರನ್ನೇ ತೋರಿಸುವಂಥದ್ದಾಗಿದ್ದರೆ, ಬೇರೆ ಊರಿನ ಕನ್ನಡವೋ ಮನೆಮಾತೋ ಬೆರೆತಿದ್ದರೆ, ಅದರ ಸಾರವನ್ನು ನಿಮ್ಮ ಮಾತಲ್ಲೇ ಹೇಳಿ. ಆದರೆ ಯಾರೂ ಆಡದ ಮಾತನ್ನು ಹುಟ್ಟಿಸಬೇಡಿ. 'ಹತ್ತೇ ನಿಮಿಷ' ತೆಗೆದದ್ದಕ್ಕೆ ಬೇರೆ ಕಾರಣ. ಮರುದಿನ ಮತ್ತೆ ತಪ್ಪಾಯಿತು ಅಂತ ನೀವೇ ಬರೆದಿದ್ದೀರಿ.

ಹೊಗಳಿದರೆ ತೊಂದರೆ ಇಲ್ಲ ಅನ್ನುವುದು ನಮ್ಮೆಲ್ಲರ ನಂಬಿಕೆ. "ಈಗ ಕಲಿತಳು" ಎಂಬ ಹೊಗಳಿಕೆಯೊಳಗೆ "ಇಷ್ಟು ದಿನ ಬರುತ್ತಿರಲಿಲ್ಲ" ಅನ್ನುವುದು ಕೂತಿರುತ್ತದೆ. ಆ ತಾಯಿ ಓದಿದ್ದು ಅದನ್ನೇ.

ಇನ್ನು ಫೋಟೋ. ನೀವು ಕಳಿಸಿದ ಚಿತ್ರದಲ್ಲಿ ಮುಖ ಬಿಟ್ಟರೆ ಎಲ್ಲವೂ ಇದೆ! ನೋಟ್‌ಬುಕ್ಕಿನ ಲೇಬಲ್, ಕರಿಹಲಗೆಯ ಮೂಲೆಯಲ್ಲಿ ಒಟ್ಟು ಮತ್ತು ಹಾಜರು, ಜಡೆಯ ರಿಬ್ಬನ್. ಕೆಳಗೆ ಜಿಪಿಎಸ್ ಕ್ಯಾಮೆರಾ ಆ್ಯಪ್ ಒತ್ತಿದ ಪಟ್ಟಿ: ಊರು, ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ. ಇಲಾಖೆಗೆ ವರದಿ ಕಳಿಸಲು ತೆಗೆದ ಫೋಟೋ ಫೇಸ್‌ಬುಕ್ಕಿಗೂ ಬಂದುಬಿಡುತ್ತದೆ, ಬಹಳ ಜನ ಮಾಡುವ ಎಡವಟ್ಟು. ವರದಿಯ ಫೋಟೋ ಬೇರೆ, ಪೋಸ್ಟಿನ ಫೋಟೋ ಬೇರೆ ಇರಲಿ. ಪೋಸ್ಟಿಗೆ ಶಾಲೆ ಬಿಟ್ಟ ಮೇಲೆ ಖಾಲಿ ಬೆಂಚಿನ ಮೇಲೆ ಕಡ್ಡಿ ಜೋಡಿಸಿ, ಒಂದು ಕಟ್ಟು ಬಿಚ್ಚಿಟ್ಟು, ಸಾದಾ ಕ್ಯಾಮೆರಾದಲ್ಲಿ ತೆಗೆಯಿರಿ. ತಪ್ಪು ಲೆಕ್ಕವನ್ನು ತೋರಿಸಬೇಕಾ? ಮಗುವಿನ ಪುಟ ಬೇಡ, ಹಾಳೆಯ ಮೇಲೆ ನೀವೇ ಬರೆದು ತೋರಿಸಿ. ಮಕ್ಕಳ ಕೈಬರಹ ಅವರ ಅಕ್ಕ, ಅಣ್ಣ, ಗೆಳೆಯರಿಗೆಲ್ಲ ಗೊತ್ತಿರುತ್ತದೆ.

ಹಾಕುವ ಮೊದಲು ಪರೀಕ್ಷೆ ಮಾಡುವುದು ಹೇಗೆ? ಸಹೋದ್ಯೋಗಿಗೆ ತೋರಿಸಿ, "ಇದು ಯಾರು ಹೇಳಿ" ಎಂದು ಕೇಳಬಹುದು. ನಾನಾದರೆ ಬಿಸಿಯೂಟದ ಅಕ್ಕನಿಗೆ ಓದಿ ಹೇಳುತ್ತೇನೆ. ಯಾವ ಮಗು ಯಾರ ಮನೆಯದು, ಯಾರು ಎಷ್ಟು ದಿನ ಬರಲಿಲ್ಲ, ಅವರಿಗೆ ಗೊತ್ತಿರುವಷ್ಟು ಹಾಜರಿ ಪುಸ್ತಕಕ್ಕೂ ಗೊತ್ತಿರಲ್ಲ. ಹಳೆಯ ಪೋಸ್ಟು ಓದಿದ್ದರೆ ಎರಡನೇ ಸಾಲಿಗೇ ಹೆಸರು ಹೇಳುತ್ತಿದ್ದರು. ಹೊಸದನ್ನು ಓದಿದಾಗ "ಎಲ್ಲರೂ ಹಂಗೇ ಮಾಡ್ತಾರಲ್ವಾ" ಅಂದರೆ ಹಾಕಬಹುದು.

ಎಷ್ಟೇ ಜಾಗ್ರತೆ ಮಾಡಿದರೂ ಕೆಲವು ಸಂಗತಿ ಬರೆಯಲು ಆಗುವುದಿಲ್ಲ. ತರಗತಿಯಲ್ಲಿ ಮೂರೇ ಮಕ್ಕಳಿದ್ದರೆ "ಕೆಲವರು" ಅಂದರೂ ಒಬ್ಬರೇ. ಅಂಥದ್ದನ್ನು ತಿಂಗಳ ಸಮಾಲೋಚನಾ ಸಭೆಯಲ್ಲಿ ಬಾಯಲ್ಲಿ ಹೇಳಿ, ಅಲ್ಲಿಯೂ ಮಗುವಿನ ಹೆಸರು ಬೇಡ.

ಹಳೆಯ ಪೋಸ್ಟನ್ನು ತಿದ್ದಿ ಉಳಿಸಬೇಡಿ, ಅಳಿಸಿ. ತಿದ್ದಿದ ಫೇಸ್‌ಬುಕ್ ಪೋಸ್ಟಿನ ಹಿಂದಿನ ರೂಪ ಎಡಿಟ್ ಹಿಸ್ಟರಿಯಲ್ಲಿ ಕಾಣುತ್ತದೆ. ವಾಟ್ಸ್ಆ್ಯಪ್ ಗುಂಪಿಗೂ ಹಾಕಿದ್ದರೆ ಅಲ್ಲೂ ಅಳಿಸಿ. ಎಲ್ಲರಿಗೂ ಅಳಿಯುವ ಅವಧಿ ಮುಗಿದಿದ್ದರೆ, ತಮ್ಮ ತಮ್ಮ ಫೋನಿನಿಂದ ಅಳಿಸಿ ಅಂತ ಗುಂಪಿನವರನ್ನು ಕೇಳಿಕೊಳ್ಳಿ. ಆಮೇಲೆ ಆ ತಾಯಿಯ ಹತ್ತಿರ ಹೋಗಿ, ತೆಗೆದಿದ್ದೇನೆ ಅಂತ ಮೊಬೈಲಲ್ಲೇ ತೋರಿಸಿ. "ಹೊಗಳಿದ್ದೆ ಅಷ್ಟೇ" ಅನ್ನಬೇಡಿ. ಜೊತೆಗೆ ಒಂದಿಷ್ಟು ಕಡ್ಡಿ, ನಾಲ್ಕು ರಬ್ಬರ್ ಬ್ಯಾಂಡ್ ತೆಗೆದುಕೊಂಡು ಹೋದರೆ, ಮಗಳು ಈಗ ಏನು ಮಾಡುತ್ತಾಳೆ ಅನ್ನುವುದನ್ನು ಅವರೇ ನೋಡಬಹುದು.